ಪ್ಯಾರಿಸ್ಸಿನ ಬ್ಯಾಗು ಮತ್ತು ಐವತ್ತೇಳು ಯೂರೋ

ಮೊದಲ ಸಲ ಅಣ್ಣ-ಅತ್ತಿಗೆಯ ಜೊತೆ ಪ್ಯಾರಿಸ್‌ಗೆ ಹೋಗಿದ್ದಾಗ ನಡೆದದ್ದು ಇದು. ಹೊರಡುವ ಹಿಂದಿನ ರಾತ್ರಿ ಅತ್ತಿಗೆ ತಾವು ಕೊಂಡಿದ್ದ ಚರ್ಮದ ವ್ಯಾನಿಟಿ ಬ್ಯಾಗನ್ನು ಎರಡು ಸೀರೆಗಳಲ್ಲಿ ಸುತ್ತಿ, ದೊಡ್ಡ ಸೂಟ್‌ಕೇಸಿನ ನಟ್ಟನಡುವೆ ಇಟ್ಟು ಬೀಗ ಹಾಕಿದರು. ಅಂಗಡಿಯವರು ಕೊಟ್ಟಿದ್ದ ತೆರಿಗೆ ವಾಪಸಾತಿಯ ಫಾರಂ ಮಾತ್ರ ಪಾಸ್‌ಪೋರ್ಟಿನೊಳಗೆ ಮಡಿಚಿ ಜೋಪಾನವಾಗಿತ್ತು. ಮರುದಿನ ವಿಮಾನ ನಿಲ್ದಾಣಕ್ಕೆ ಹೋದೆವು, ಸೂಟ್‌ಕೇಸನ್ನು ತೂಕಕ್ಕೆ ಹಾಕಿದೆವು, ಚೀಟಿ ಅಂಟಿಸಿಕೊಂಡು ಅದು ಪಟ್ಟಿಯ ಮೇಲೆ ಉರುಳುತ್ತಾ ಒಳಗೆ ಹೋಯಿತು. ಆಮೇಲೆ ನಿಧಾನವಾಗಿ ತೆರಿಗೆ ಯಂತ್ರದ ಹತ್ತಿರ ಹೋಗಿ ಫಾರಂ ತೋರಿಸಿದರೆ ಪರದೆ ಕೆಂಪಾಯಿತು. ಪಕ್ಕದ ಕಸ್ಟಮ್ಸ್ ಕಿಟಕಿಗೆ ಹೋಗಲು ಹೇಳಿತು. ಅಲ್ಲಿದ್ದ ಅಧಿಕಾರಿ ಫಾರಂ ನೋಡಿ ಒಂದೇ ಪ್ರಶ್ನೆ ಕೇಳಿದರು: "ಸಾಮಾನು ಎಲ್ಲಿ?"

ಸಾಮಾನು ಅಷ್ಟುಹೊತ್ತಿಗೆ ವಿಮಾನದ ಹೊಟ್ಟೆಯ ಕಡೆಗೆ ಪ್ರಯಾಣ ಬೆಳೆಸಿತ್ತು. "ಬಿಲ್ ಇದೆಯಲ್ಲ, ಇನ್ನೇನು ಬೇಕು ಇವರಿಗೆ?" ಎಂದು ಅತ್ತಿಗೆ ನನ್ನ ಮುಖ ನೋಡಿದರು. ನನಗೂ ಆಗ ಉತ್ತರ ಗೊತ್ತಿರಲಿಲ್ಲ. ಮೊಹರು ಬೀಳಲಿಲ್ಲ, ದುಡ್ಡು ಬರಲಿಲ್ಲ.

ಅತ್ತಿಗೆಯ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಈ ವ್ಯವಹಾರದ ಎಲ್ಲ ನಿಯಮಗಳೂ ತಾವಾಗಿಯೇ ಅರ್ಥವಾದವು. ಸರ್ಕಾರ ತೆರಿಗೆ ವಾಪಸ್ ಕೊಡುವುದು ನೀವು ಪ್ರವಾಸಿ ಎಂಬ ಕಾರಣಕ್ಕಲ್ಲ, ಅಲ್ಲಿ ಕೊಂಡಿರಿ ಎಂಬ ಕಾರಣಕ್ಕೂ ಅಲ್ಲ. ಕೊಂಡ ವಸ್ತು ದೇಶದ ಹೊರಗೆ ಹೋಯಿತು ಎಂಬ ಕಾರಣಕ್ಕೆ. ಬಿಲ್ ಹೇಳುವುದು ಕೊಂಡದ್ದನ್ನು ಮಾತ್ರ. ವಸ್ತು ಹೊರಟದ್ದನ್ನು ಕಣ್ಣಾರೆ ಕಂಡು ಹೇಳಬೇಕಾದವರು ಕಸ್ಟಮ್ಸ್‌ನವರು.

ತೆರಿಗೆ ವಾಪಸಾತಿ ಹಲವು ದೇಶಗಳಲ್ಲಿದೆ, ಒಂದೊಂದು ಕಡೆ ಒಂದೊಂದು ರೀತಿ. ಇಲ್ಲಿ ಫ್ರಾನ್ಸ್ ಒಂದನ್ನೇ ಹಿಡಿದುಕೊಂಡು ಹೇಳುತ್ತೇನೆ. ನಮ್ಮ ಕಡೆಯ ಯುರೋಪ್ ಪ್ಯಾಕೇಜ್ ಟೂರುಗಳಲ್ಲಿ ಪ್ಯಾರಿಸ್ ತಪ್ಪುವುದಿಲ್ಲ, ಜನ ದೊಡ್ಡ ಖರೀದಿ ಮಾಡುವುದೂ ಅಲ್ಲಿಯೇ.

ಬೆಲೆಯೊಳಗೆ ಅಡಗಿದ ತೆರಿಗೆ

ಫ್ರಾನ್ಸಿನಲ್ಲಿ ನಮ್ಮ ಜಿಎಸ್‌ಟಿಯಂಥದ್ದೇ ಒಂದು ತೆರಿಗೆ ಇದೆ, ಮೌಲ್ಯವರ್ಧಿತ ತೆರಿಗೆ. ಬಟ್ಟೆ, ಚೀಲ, ಸುಗಂಧ, ಗಡಿಯಾರ ಮೊದಲಾದವಕ್ಕೆ ಅದರ ದರ ಶೇ. 20. ಅಂಗಡಿಯ ಚೀಟಿಯಲ್ಲಿ ಬರೆದ ಬೆಲೆಯೊಳಗೇ ಈ ತೆರಿಗೆ ಸೇರಿರುತ್ತದೆ. ಇಲ್ಲಿ ಮೊದಲ ಲೆಕ್ಕ ತಪ್ಪುತ್ತದೆ. ಶೇ. 20 ತೆರಿಗೆ ಎಂದರೆ ಕೊಟ್ಟ ನೂರರಲ್ಲಿ ಇಪ್ಪತ್ತು ಎಂದುಕೊಳ್ಳುವವರೇ ಹೆಚ್ಚು. ನಿಜವಾಗಿ ನೂರರ ವಸ್ತುವಿಗೆ ಇಪ್ಪತ್ತು ಸೇರಿ ನೂರಿಪ್ಪತ್ತು ಆಗಿರುತ್ತದೆ. ಹಾಗಾಗಿ ನೀವು ಕೊಟ್ಟ ಹಣದಲ್ಲಿ ತೆರಿಗೆಯ ಪಾಲು ಆರರಲ್ಲಿ ಒಂದು, ಅಂದರೆ ಶೇ. 16.67.

ಅದೂ ಪೂರ್ತಿ ಕೈಗೆ ಬರುವುದಿಲ್ಲ. ಅಂಗಡಿ ಮತ್ತು ಪ್ರವಾಸಿಯ ನಡುವೆ ತೆರಿಗೆ ವಾಪಸಾತಿಯ ಕಾಗದಪತ್ರ ನೋಡಿಕೊಳ್ಳುವ ಖಾಸಗಿ ಕಂಪನಿಗಳಿವೆ. ಅವು ತಮ್ಮ ಸೇವಾಶುಲ್ಕ ಮುರಿದುಕೊಂಡು ಉಳಿದದ್ದನ್ನು ಕೊಡುತ್ತವೆ. ಶೇ. 20ರ ದರದ ವಸ್ತುಗಳಿಗೆ ಸಾಮಾನ್ಯವಾಗಿ ಪ್ರವಾಸಿಯ ಕೈ ಸೇರುವುದು ಬಿಲ್ಲಿನ ಶೇ. 12ರ ಆಸುಪಾಸು. ಪುಸ್ತಕಗಳ ಮೇಲಿನ ತೆರಿಗೆಯೇ ಶೇ. 5.5 ಆದ್ದರಿಂದ ಅವುಗಳಿಂದ ಬರುವುದು ತೀರಾ ಅಲ್ಪ. ಹೋಟೆಲ್ ಬಾಡಿಗೆ, ಊಟ, ಟ್ಯಾಕ್ಸಿಗೆ ಕೊಟ್ಟ ತೆರಿಗೆ ವಾಪಸ್ ಬರುವುದೇ ಇಲ್ಲ. ಅವು ಅಲ್ಲೇ ಮುಗಿದುಹೋದವು, ದೇಶದ ಹೊರಗೆ ಹೋಗಲಿಲ್ಲ. ಸಿಗರೇಟು-ತಂಬಾಕಿಗೂ ಇಲ್ಲ.

ಎರಡನೆಯ ಸಲ ಹೋದಾಗಿನ ನಮ್ಮ ಲೆಕ್ಕವನ್ನೇ ಹೇಳುತ್ತೇನೆ. ಅತ್ತಿಗೆ ಒಂದು ದೊಡ್ಡ ಮಳಿಗೆಯಲ್ಲಿ 420 ಯೂರೋ ಕೊಟ್ಟು ಒಂದು ಬ್ಯಾಗು ಕೊಂಡರು. ಮರುದಿನ ಅದೇ ಮಳಿಗೆಗೆ ಮತ್ತೆ ಹೋಗಿ ಮಗಳಿಗೆಂದು 60 ಯೂರೋದ ರೇಷ್ಮೆ ಶಾಲು ಕೊಂಡರು. ಒಟ್ಟು 480. ಇದರಲ್ಲಿ ತೆರಿಗೆ ಆರರಲ್ಲಿ ಒಂದು ಪಾಲು, 80 ಯೂರೋ. ಫಾರಮ್ಮಿನಲ್ಲಿ ವಾಪಸ್ ಬರುವ ಹಣ ಎಂದು ಬರೆದದ್ದು 57 ಯೂರೋ 60 ಸೆಂಟ್. ಉಳಿದ 22 ಯೂರೋ 40 ಸೆಂಟ್ ನಡುವಿನವರ ಖರ್ಚು. ಯೂರೋಗೆ ನೂರು ರೂಪಾಯಿ ಎಂದು ಸುಮ್ಮನೆ ಹಿಡಿದರೂ ಐದು ಸಾವಿರದ ಏಳುನೂರಕ್ಕೂ ಮೇಲಾಯಿತು. ಬಿಡುವಂಥ ಹಣವಲ್ಲ. ಹಾಗೆಂದು ಅದಕ್ಕಾಗಿ ವಿಮಾನ ತಪ್ಪಿಸಿಕೊಳ್ಳುವಂಥದ್ದೂ ಅಲ್ಲ. ಈ ಎರಡನ್ನೂ ನೆನಪಿಟ್ಟುಕೊಂಡೇ ಮುಂದಿನದನ್ನು ಓದಿ.

ಅಂಗಡಿಯಲ್ಲೇ ಮುಗಿಯಬೇಕಾದ ಕೆಲಸ

ಯಾರಿಗೆ ಸಿಗುತ್ತದೆ ಎಂಬುದು ಮೊದಲ ಪ್ರಶ್ನೆ. ಐರೋಪ್ಯ ಒಕ್ಕೂಟದ ಹೊರಗೆ ವಾಸವಿರುವ, 16 ವರ್ಷ ತುಂಬಿದ, ಆರು ತಿಂಗಳಿಗಿಂತ ಕಡಿಮೆ ಅವಧಿಗೆ ಬಂದ ಪ್ರವಾಸಿಗೆ. ಇಲ್ಲಿ ನೋಡುವುದು ವಾಸದ ಊರನ್ನು, ಪಾಸ್‌ಪೋರ್ಟಿನ ಬಣ್ಣವನ್ನಲ್ಲ. ಮ್ಯೂನಿಕ್‌ನಲ್ಲಿ ಕೆಲಸ ಮಾಡಿಕೊಂಡು ಅಲ್ಲೇ ನೆಲೆಸಿರುವ ಕನ್ನಡಿಗರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೂ ಅವರಿಗೆ ಇದು ಸಿಗುವುದಿಲ್ಲ, ಏಕೆಂದರೆ ಅವರ ಮನೆ ಒಕ್ಕೂಟದೊಳಗೇ ಇದೆ. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಅವರ ತಂಗಿಗೆ ಸಿಗುತ್ತದೆ. ಮೈಸೂರಿನಿಂದ ಮಗನ ಮನೆಗೆಂದು ಹೋದ ತಂದೆ-ತಾಯಿಗೂ ಸಿಗುತ್ತದೆ. ಆದರೆ ಬಿಲ್ಲೂ ಫಾರಮ್ಮೂ ತಂದೆಯ ಅಥವಾ ತಾಯಿಯ ಹೆಸರಿನಲ್ಲೇ ಆಗಬೇಕು. ಮಗನ ಹೆಸರಿನಲ್ಲಿ ಬರೆಸಿದರೆ ಅಲ್ಲಿಗೆ ಮುಗಿಯಿತು.

ಎರಡನೆಯದು ಮೊತ್ತ. ಒಂದೇ ಅಂಗಡಿಯಲ್ಲಿ ಒಬ್ಬರ ಖರೀದಿ ತೆರಿಗೆ ಸೇರಿ 100 ಯೂರೋ ದಾಟಬೇಕು. 2021ಕ್ಕೆ ಮುಂಚೆ ಈ ಗೆರೆ 175ರಲ್ಲಿತ್ತು. ಅದೇ ಅಂಗಡಿಯಲ್ಲಿ ಮೂರು ದಿನದೊಳಗೆ ಕೊಂಡದ್ದನ್ನು ಕೂಡಿಸಬಹುದು. ಅತ್ತಿಗೆಯ ಶಾಲು ಅರವತ್ತರದ್ದೇ ಆದರೂ ಲೆಕ್ಕಕ್ಕೆ ಸೇರಿದ್ದು ಹೀಗೆ. ಮೊದಲ ದಿನದ ಬಿಲ್ಲನ್ನು ಜೊತೆಗಿಟ್ಟುಕೊಂಡು ಹೋಗಿ, ಎರಡೂ ಸೇರಿಸಿ ಒಂದೇ ಫಾರಂ ಮಾಡಿಕೊಡಿ ಎಂದು ಕೇಳಿದೆವು. ಅಣ್ಣ ಅದೇ ಮಳಿಗೆಯಲ್ಲಿ 85 ಯೂರೋದ ಅಂಗಿ ಕೊಂಡಿದ್ದರು. ಅದು ಅವರ ಹೆಸರಿನ ಬಿಲ್, ನೂರು ದಾಟಲಿಲ್ಲ, ಹೆಂಡತಿಯ ಬಿಲ್ಲಿಗೆ ಗಂಟುಹಾಕಲೂ ಬರಲಿಲ್ಲ. ನಾನು ಬೇರೆ ಅಂಗಡಿಯಲ್ಲಿ ಕೊಂಡ ಎಪ್ಪತ್ತು ಯೂರೋದ ಪುಸ್ತಕಗಳಿಗೂ ಏನಿಲ್ಲ.

ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಜನ ಮರೆಯುವಂಥದ್ದು: ಫಾರಂ ಕೇಳಿ ಪಡೆಯಬೇಕು. ತೆರಿಗೆ ವಾಪಸಾತಿಗೆ ಫ್ರೆಂಚರು ಹೇಳುವ ಪದ "ದೆತಾಕ್ಸ್". ದುಡ್ಡು ಕೊಡುವ ಮುನ್ನವೇ ಗಲ್ಲಾದಲ್ಲಿ "ದೆತಾಕ್ಸ್" ಎಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ. ಎಲ್ಲ ಅಂಗಡಿಯೂ ಇದನ್ನು ಕೊಡಲೇಬೇಕೆಂಬ ಕಟ್ಟುಪಾಡಿಲ್ಲ, ಆದ್ದರಿಂದ ದುಬಾರಿ ವಸ್ತುವಾದರೆ ಆರಿಸುವ ಮೊದಲೇ ಕೇಳಿಕೊಳ್ಳುವುದು ಜಾಣತನ. ಕೊಡುವ ಅಂಗಡಿಯವರು ಪಾಸ್‌ಪೋರ್ಟ್ ಕೇಳುತ್ತಾರೆ. ಹೋಟೆಲಿನ ಲಾಕರಿನಲ್ಲಿಟ್ಟು ಬಂದಿದ್ದರೆ ಮತ್ತೊಂದು ಓಡಾಟ. ಬರಿಯ ಬಿಲ್ ತಂದು ವಿಮಾನ ನಿಲ್ದಾಣದಲ್ಲಿ ಫಾರಂ ಕೇಳಿದರೆ ಯಾರೂ ಕೊಡುವುದಿಲ್ಲ. ಫಾರಂ ಹುಟ್ಟುವುದು ಅಂಗಡಿಯಲ್ಲಿ ಮಾತ್ರ.

ಆ ಫಾರಂ ಕೈಗೆ ಬಂದಾಗ ಎರಡು ನಿಮಿಷ ನಿಂತು ಓದಬೇಕು. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇದೆಯೇ? ನಮ್ಮಲ್ಲಿ ಇನಿಶಿಯಲ್ಲು, ತಂದೆಯ ಹೆಸರು, ಊರ ಹೆಸರು ಎಲ್ಲ ಸೇರಿ ಅಕ್ಷರಗಳು ಅದಲುಬದಲಾಗುವುದು ಮಾಮೂಲು. ಪಾಸ್‌ಪೋರ್ಟ್ ಸಂಖ್ಯೆ, ವಾಸದ ದೇಶ, ಒಟ್ಟು ಮೊತ್ತ, ವಾಪಸ್ ಬರುವ ಮೊತ್ತ ಸರಿಯಿವೆಯೇ? ಹಣ ಕಾರ್ಡಿಗೋ ನಗದೋ ಎಂದು ಬರೆದಿರುತ್ತದೆ, ಕಾರ್ಡಾದರೆ ಸಂಖ್ಯೆಯನ್ನು ಒಂದೊಂದೇ ಅಂಕಿ ನೋಡಿ. ಕೆಳಗೆ ಕೊಂಡವರ ಸಹಿ ಬೇಕು. ಒಂದು ಮೂಲೆಯಲ್ಲಿ ಗೆರೆಗಳ ಬಾರ್‌ಕೋಡ್ ಇರುತ್ತದೆ. ಆ ಮೂಲೆ ಮಡಿಚಬೇಡಿ, ಯಂತ್ರ ಓದುವುದು ಅದನ್ನೇ. ಫಾರಮ್ಮಿಗೆ ಬಿಲ್ಲನ್ನು ಪಿನ್ ಮಾಡಿಟ್ಟುಕೊಂಡರೆ ಆಮೇಲೆ ತಡಕಾಡುವುದು ತಪ್ಪುತ್ತದೆ.

ಕೆಲವು ಕಡೆ ಊರೊಳಗೇ ವಾಪಸಾತಿಯ ಹಣವನ್ನು ಮುಂಗಡವಾಗಿ ಕೊಟ್ಟುಬಿಡುತ್ತಾರೆ. ಆಗ ಭದ್ರತೆಗೆಂದು ನಿಮ್ಮ ಕ್ರೆಡಿಟ್ ಕಾರ್ಡಿನ ವಿವರ ಹಿಡಿದಿಟ್ಟುಕೊಂಡಿರುತ್ತಾರೆ. ಹಣ ಕೈಗೆ ಬಂತಲ್ಲ, ಇನ್ನು ನಿಲ್ದಾಣದಲ್ಲಿ ಏನು ಕೆಲಸ ಎಂದುಕೊಂಡರೆ ಕೆಟ್ಟಿತು. ಕಸ್ಟಮ್ಸ್ ಒಪ್ಪಿಗೆ ಬಾರದಿದ್ದರೆ ಕೊಟ್ಟ ಹಣವನ್ನು ಅದೇ ಕಾರ್ಡಿನಿಂದ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಮುಂಗಡ ಎಂದರೆ ಸಾಲ. ತೀರುವುದು ಹೊರಬಾಗಿಲಲ್ಲಿ.

ಫಾರಮ್ಮಿಗೂ ಒಂದು ಆಯಸ್ಸಿದೆ. ಕೊಂಡ ತಿಂಗಳು ಕಳೆದು ಮುಂದಿನ ಮೂರನೆಯ ತಿಂಗಳ ಕೊನೆಯೊಳಗೆ ವಸ್ತು ಒಕ್ಕೂಟದಿಂದ ಹೊರಗೆ ಹೋಗಬೇಕು. ಮೇ ತಿಂಗಳ ಯಾವ ದಿನ ಕೊಂಡರೂ ಆಗಸ್ಟ್ 31 ಕೊನೆಯ ದಿನ. ಎಂಟು ಹತ್ತು ದಿನದ ಪ್ರವಾಸಕ್ಕೆ ಇದು ತೊಡಕಲ್ಲ. ಮಗಳ ಬಾಣಂತನಕ್ಕೆಂದು ಹೋಗಿ ಐದು ತಿಂಗಳು ಉಳಿಯುವ ತಾಯಂದಿರು ಹೋದ ಹೊಸತರಲ್ಲಿ ಕೊಂಡದ್ದಕ್ಕೆ ತೊಡಕಾಗಬಹುದು.

ನಿಲ್ದಾಣ: ಮೊದಲು ಯಂತ್ರ, ಆಮೇಲೆ ಸೂಟ್‌ಕೇಸು

ಪ್ಯಾರಿಸ್ಸಿನ ಷಾರ್ಲ್ ದ ಗಾಲ್ ನಿಲ್ದಾಣದಲ್ಲಿ "ದೆತಾಕ್ಸ್" ಎಂಬ ಫಲಕ ಹಿಡಿದು ಹೋದರೆ ಒಂದು ಸಾಲು ಯಂತ್ರಗಳು ಸಿಗುತ್ತವೆ. ಹೆಸರು ಪಾಬ್ಲೊ. ಚಿತ್ರಕಾರ ಪಿಕಾಸೊ ನೆನಪಾದರೂ ಅವನಿಗೂ ಇದಕ್ಕೂ ಸಂಬಂಧವಿಲ್ಲ, ಫ್ರೆಂಚ್ ಕಸ್ಟಮ್ಸ್ ತನ್ನ ವ್ಯವಸ್ಥೆಗೆ ಇಟ್ಟುಕೊಂಡ ಹೆಸರು. ಭಾಷೆ ಇಂಗ್ಲಿಷ್ ಎಂದು ಒತ್ತಿ, ಫಾರಮ್ಮಿನ ಬಾರ್‌ಕೋಡನ್ನು ಕೆಂಪು ಬೆಳಕಿನ ಕೆಳಗೆ ಹಿಡಿಯಬೇಕು, ನಮ್ಮ ಸೂಪರ್‌ಮಾರ್ಕೆಟಿನಲ್ಲಿ ಸೋಪಿನ ಪೆಟ್ಟಿಗೆ ಹಿಡಿದ ಹಾಗೆ. ಕ್ಷಣದಲ್ಲಿ ಪರದೆ ಹಸಿರಾದರೆ ಫಾರಂ ಒಪ್ಪಿಗೆಯಾಯಿತು ಎಂದರ್ಥ. ಮೊಹರು ಬೇಕಿಲ್ಲ, ಸಹಿ ಬೇಕಿಲ್ಲ. ಕಂಪನಿಗೂ ಸುದ್ದಿ ತಾನಾಗಿ ಹೋಗುತ್ತದೆ. ಎರಡು ಫಾರಂ ಇದ್ದರೆ ಎರಡನ್ನೂ ಬೇರೆಬೇರೆಯಾಗಿ ಹಿಡಿಯಬೇಕು, ಒಂದು ಹಸಿರಾದರೆ ಇನ್ನೊಂದು ತಾನೇ ಆಗುವುದಿಲ್ಲ.

ಕೆಂಪಾದರೆ ಗಾಬರಿಬೀಳುವ ಕಾರಣವಿಲ್ಲ. ತಪ್ಪು ಮಾಡಿದ್ದೀರಿ ಎಂದಲ್ಲ, ಕಿಟಕಿಗೆ ಬಂದು ತೋರಿಸಿ ಎಂದು. ಅಲ್ಲಿ ಫಾರಂ, ಬಿಲ್, ಪಾಸ್‌ಪೋರ್ಟ್, ಟಿಕೆಟ್ಟು ಅಥವಾ ಬೋರ್ಡಿಂಗ್ ಪಾಸ್, ಮತ್ತು ಮುಖ್ಯವಾಗಿ ಸಾಮಾನು ಬೇಕು. ಸಾಮಾನು ಹೊಸತಾಗಿರಬೇಕು. ಬ್ಯಾಗಿನ ಚೀಟಿ ಕಿತ್ತು, ಅದರಲ್ಲೇ ಲಿಪ್‌ಸ್ಟಿಕ್, ಮಾತ್ರೆ, ನಾಣ್ಯ ತುಂಬಿಕೊಂಡು ಹೋಗಿ ತೋರಿಸಿದರೆ ಅದು ಹೊರಗೆ ಒಯ್ಯಲು ಕೊಂಡ ವಸ್ತುವೇ ಅಥವಾ ಅಲ್ಲೇ ಬಳಸಲು ಕೊಂಡದ್ದೇ ಎಂಬ ಅನುಮಾನಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಫಾರಂನಲ್ಲಿರುವ ಹೆಸರಿನವರೇ ಖುದ್ದು ನಿಲ್ಲಬೇಕು. ಅತ್ತಿಗೆ ಕುರ್ಚಿಯಲ್ಲಿ ಕೂತು ಅಣ್ಣನನ್ನು ಕಳಿಸಿದರೆ ನಡೆಯುವುದಿಲ್ಲ.

ಈಗ ಕ್ರಮ ನೋಡಿ. ಯಂತ್ರಕ್ಕೆ ಹೋಗುವಾಗ ಸಾಮಾನು ನಿಮ್ಮ ಕೈಯಲ್ಲಿರಬೇಕು. ಆದ್ದರಿಂದ ಮೊದಲು ದೆತಾಕ್ಸ್, ಆಮೇಲೆ ಸೂಟ್‌ಕೇಸು ಕೊಡುವುದು. ಪರದೆ ಹಸಿರೋ ಕೆಂಪೋ ಎಂಬುದು ಮುಂಚೆ ತಿಳಿಯದು. ಹಸಿರಾದರೂ ಅಧಿಕಾರಿಗಳು ಬೇಕೆನಿಸಿದರೆ ಸಾಮಾನು ತೋರಿಸಿ ಎನ್ನಬಹುದು. ಕೊಂಡದ್ದು ಚಿಕ್ಕದಾಗಿದ್ದರೆ ಕೈಬ್ಯಾಗಿನಲ್ಲೇ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಸುಲಭ. ನೂರು ಮಿಲಿ ಮೀರಿದ ಸುಗಂಧದ ಬಾಟಲು, ವೈನು ಇತ್ಯಾದಿ ಭದ್ರತಾ ತಪಾಸಣೆಯಲ್ಲಿ ಒಳಗೆ ಬಿಡುವುದಿಲ್ಲ, ಅವು ಸೂಟ್‌ಕೇಸಿಗೇ ಹೋಗಬೇಕು. ಅಂಥದ್ದನ್ನು ಸೂಟ್‌ಕೇಸಿನ ಮೇಲ್ಭಾಗದಲ್ಲಿ ಇಟ್ಟುಕೊಂಡು, ಸೂಟ್‌ಕೇಸಿನ ಸಮೇತ ಯಂತ್ರದ ಹತ್ತಿರ ಹೋಗಿ, ಕೆಲಸ ಮುಗಿಸಿ, ಆಮೇಲೆ ಚೆಕ್‌ಇನ್ ಸಾಲಿಗೆ ನಿಲ್ಲಬೇಕು. ಹಿಂದಿನ ರಾತ್ರಿ ಮೊಬೈಲಿನಲ್ಲೇ ವೆಬ್ ಚೆಕ್‌ಇನ್ ಮಾಡಿಕೊಂಡಿದ್ದರೆ ಬೋರ್ಡಿಂಗ್ ಪಾಸ್ ತೋರಿಸಿ ಎಂದಾಗಲೂ ಪರದಾಟವಿಲ್ಲ.

ಎಷ್ಟು ಮುಂಚೆ ಹೋಗಬೇಕು? ಯಂತ್ರದ ಕೆಲಸ ಎರಡು ನಿಮಿಷದ್ದು, ಸಾಲಿನದ್ದು ಮಾತ್ರ ಯಾರ ಕೈಯಲ್ಲೂ ಇಲ್ಲ. ದೂರದೇಶಗಳ ದೊಡ್ಡ ವಿಮಾನಗಳು ಹತ್ತಿರ ಹತ್ತಿರದ ಹೊತ್ತಿಗೆ ಹೊರಡುವಾಗ ಎಲ್ಲರೂ ಒಟ್ಟಿಗೆ ಬಂದು ಬೀಳುತ್ತಾರೆ. ಕಿಟಕಿಗೆ ಹೋಗಬೇಕಾಗಿ ಬಂದರೆ ಮುಂದಿರುವವರ ಕೈಯಲ್ಲಿ ಹತ್ತು ಫಾರಂ ಇರಬಹುದು. ಎರಡನೆಯ ಸಲ ನಾವು ವಿಮಾನಕ್ಕೆ ನಾಲ್ಕು ಗಂಟೆ ಮುಂಚೆ ಹೋದೆವು. ಹಸಿರು ಬಂತು, ಅರ್ಧ ಗಂಟೆಯೊಳಗೆ ಮುಗಿಯಿತು, ಉಳಿದ ಹೊತ್ತು ಕಾಫಿ ಕುಡಿದೆವು. ನಾಲ್ಕು ಗಂಟೆ ಅತಿಯಾಯಿತೆಂದು ಅಣ್ಣ ಗೊಣಗಿದರು. ಆದರೆ ಕೆಂಪು ಬಂದಿದ್ದರೆ ಆ ಹೊತ್ತು ಬೇಕಾಗುತ್ತಿತ್ತು. ಮಾಮೂಲಿನ ಮೂರು ಗಂಟೆಗೆ ಇನ್ನೊಂದು ಗಂಟೆ ಸೇರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಸಾಲು ಉದ್ದವಿದ್ದು ಚೆಕ್‌ಇನ್ ಮುಚ್ಚುವ ಹೊತ್ತು ಹತ್ತಿರವಾದರೆ ಫಾರಂ ಬಿಟ್ಟು ವಿಮಾನ ಹಿಡಿಯಿರಿ.

ವೀಸಾದ ಗಡಿ ಬೇರೆ, ತೆರಿಗೆಯ ಗಡಿ ಬೇರೆ

ಈ ವಿಷಯದಲ್ಲಿ ತಿಳಿದವರೂ ಎಡವುವ ಜಾಗ ಇದು. ಮೊಹರು ಬೀಳಬೇಕಾದದ್ದು ಕೊಂಡ ದೇಶದಲ್ಲೇ ಅಲ್ಲ, ವಸ್ತು ಐರೋಪ್ಯ ಒಕ್ಕೂಟವನ್ನು ಬಿಡುವ ಕಟ್ಟಕಡೆಯ ಬಾಗಿಲಲ್ಲಿ. ಪ್ಯಾರಿಸ್ಸಿನಲ್ಲಿ ಕೊಂಡು ರೋಮಿನಿಂದ ಊರಿಗೆ ವಿಮಾನ ಹತ್ತುವವರು ರೋಮಿನಲ್ಲಿ ಇಟಲಿಯ ಕಸ್ಟಮ್ಸ್‌ಗೆ ತೋರಿಸಬೇಕು.

ಪ್ಯಾರಿಸ್ಸಿನಿಂದ ನೇರ ಬೆಂಗಳೂರಿಗೆ ಬರುವವರಿಗೂ, ದುಬೈ, ದೋಹಾ ಮೂಲಕ ಬರುವವರಿಗೂ ಬಾಗಿಲು ಪ್ಯಾರಿಸ್ಸೇ. ಫ್ರಾಂಕ್‌ಫರ್ಟ್, ಮ್ಯೂನಿಕ್ ಅಥವಾ ಆಮ್‌ಸ್ಟರ್‌ಡ್ಯಾಮಿನಲ್ಲಿ ವಿಮಾನ ಬದಲಿಸಿ ಬರುವವರಿಗೆ ಎರಡು ಬಾಗಿಲು. ಬೆಂಗಳೂರಿನವರೆಗೂ ಚೀಟಿ ಅಂಟಿದ ಸೂಟ್‌ಕೇಸಿನಲ್ಲಿ ಸಾಮಾನಿದ್ದರೆ, ಸೂಟ್‌ಕೇಸು ಕೊಡುವ ಮುನ್ನ ಪ್ಯಾರಿಸ್ಸಿನಲ್ಲೇ ತೋರಿಸಬೇಕು, ಏಕೆಂದರೆ ನಡುವೆ ಅದು ನಿಮ್ಮ ಕೈಗೆ ಸಿಗುವುದೇ ಇಲ್ಲ. ಸಾಮಾನು ಕೈಬ್ಯಾಗಿನಲ್ಲಿದ್ದರೆ ಅದು ಒಕ್ಕೂಟ ಬಿಡುವುದು ಫ್ರಾಂಕ್‌ಫರ್ಟಿನಲ್ಲಿ, ಆದ್ದರಿಂದ ಅಲ್ಲಿ ತೋರಿಸಬೇಕು. ಪಾಬ್ಲೊ ಫ್ರಾನ್ಸಿನ ಯಂತ್ರ, ಜರ್ಮನಿಯವರು ಫಾರಮ್ಮಿನ ಮೇಲೆ ಕೈಯಾರೆ ಮೊಹರು ಹೊಡೆಯುತ್ತಾರೆ. ಮೊಹರು ಬಿದ್ದ ಆ ಕಾಗದವನ್ನು ಅಂಗಡಿಯವರು ಕೊಟ್ಟ ಲಕೋಟೆಯಲ್ಲಿಟ್ಟು ಕಂಪನಿಗೆ ಕಳಿಸಬೇಕು. ಕಳಿಸುವ ಮುನ್ನ ಮೊಹರು ಕಾಣುವಂತೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅಂಚೆಯಲ್ಲಿ ಕಳೆದರೆ ಉಳಿಯುವ ಸಾಕ್ಷಿ ಅದೊಂದೇ. ವಿಮಾನ ಬದಲಿಸಲು ಒಂದು ಗಂಟೆಯಷ್ಟೇ ಬಿಡುವಿದ್ದರೆ, ಫ್ರಾಂಕ್‌ಫರ್ಟಿನಂಥ ನಿಲ್ದಾಣದಲ್ಲಿ ಕಸ್ಟಮ್ಸ್ ಕಿಟಕಿ ಹುಡುಕಿ ಬರುವುದು ಕಷ್ಟ. ಅಂಥ ಟಿಕೆಟ್ಟಿನವರು ಪ್ಯಾರಿಸ್ಸಿನಲ್ಲಿ ತೋರಿಸಿ ಸೂಟ್‌ಕೇಸಿಗೆ ಹಾಕುವುದೇ ಮೇಲು.

ಇನ್ನೆರಡು ಬಾಗಿಲುಗಳು ಕಣ್ಣಿಗೇ ಬೀಳುವುದಿಲ್ಲ. ಬ್ರಿಟನ್ ಈಗ ಒಕ್ಕೂಟದಲ್ಲಿಲ್ಲ. ಪ್ಯಾರಿಸ್ ನೋಡಿಕೊಂಡು ಯೂರೋಸ್ಟಾರ್ ರೈಲಿನಲ್ಲಿ ಲಂಡನ್ನಿಗೆ ಹೋಗಿ, ಅಲ್ಲಿಂದ ಊರಿಗೆ ವಿಮಾನ ಹತ್ತುವವರಿಗೆ ಕಡೆಯ ಬಾಗಿಲು ಪ್ಯಾರಿಸ್ಸಿನ ಗಾರ್ ದು ನಾರ್ ರೈಲು ನಿಲ್ದಾಣ. ರೈಲಿನ ತಪಾಸಣೆಗೆ ಒಳಹೋಗುವ ಮೊದಲೇ ಅಲ್ಲಿ ದೆತಾಕ್ಸ್ ಮುಗಿಸಬೇಕು. ಲಂಡನ್ನಿನ ಹೀಥ್ರೂವಿನಲ್ಲಿ ಫ್ರೆಂಚ್ ಫಾರಂ ತೋರಿಸಿದರೆ ಕೇಳುವವರಿಲ್ಲ. ಲಂಡನ್ನಿನ ಅಂಗಡಿಗಳಲ್ಲಿ ಕೊಂಡು ಜೊತೆಗೆ ಒಯ್ಯುವುದಕ್ಕೆ ಪ್ರವಾಸಿಗಳಿಗಿದ್ದ ತೆರಿಗೆ ವಾಪಸಾತಿ 2021ರ ಜನವರಿ 1ರಿಂದ ನಿಂತೇಹೋಗಿದೆ, ಅಲ್ಲಿ ಆ ಕಿಟಕಿ ಹುಡುಕುವುದೇ ವ್ಯರ್ಥ.

ಇನ್ನೊಂದು ಸ್ವಿಟ್ಜರ್ಲೆಂಡ್. ಒಂದೇ ಷೆಂಗೆನ್ ವೀಸಾದಲ್ಲಿ ಫ್ರಾನ್ಸಿನಿಂದ ಅಲ್ಲಿಗೆ ಹೋಗಿಬಿಡಬಹುದು, ಗಡಿ ದಾಟಿದ್ದು ಬಸ್ಸಿನಲ್ಲಿ ಕೂತವರಿಗೆ ಗೊತ್ತೂ ಆಗುವುದಿಲ್ಲ. ಆದರೆ ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದ ಸದಸ್ಯ ದೇಶವಲ್ಲ. ಪ್ಯಾರಿಸ್ಸಿನಲ್ಲಿ ಕೊಂಡು, ಜ್ಯೂರಿಕ್‌ನಿಂದ ಊರಿಗೆ ವಿಮಾನ ಹತ್ತುವ ಪ್ಯಾಕೇಜ್ ಟೂರಿನವರ ಸಾಮಾನು ಒಕ್ಕೂಟ ಬಿಟ್ಟದ್ದು ರಸ್ತೆಯ ಗಡಿಯಲ್ಲಿ. ಅಲ್ಲಿ ಬಸ್ಸು ನಿಲ್ಲಿಸಿ ಮೊಹರು ಹಾಕಿಸಿಕೊಳ್ಳದಿದ್ದರೆ ಜ್ಯೂರಿಕ್ ವಿಮಾನ ನಿಲ್ದಾಣದಲ್ಲಿ ಆಗುವುದೇನೂ ಇಲ್ಲ. ಇಂಥ ಪ್ರವಾಸಕ್ಕೆ ಹೋಗುವವರು ಖರೀದಿಗೆ ಮುಂಚೆಯೇ ಟೂರ್ ಮ್ಯಾನೇಜರರನ್ನು ಕೇಳಬೇಕು: ನಾವು ಒಕ್ಕೂಟ ಬಿಡುವುದು ಎಲ್ಲಿ? ಗಡಿಯಲ್ಲಿ ಕಸ್ಟಮ್ಸ್ ಕಚೇರಿಯ ಮುಂದೆ ಬಸ್ಸು ನಿಲ್ಲಿಸುತ್ತೀರಾ? ಇಲ್ಲ ಎಂದರೆ ವಾಪಸಾತಿಯ ಆಸೆಯಿಲ್ಲದೆ, ಚೀಟಿಯ ಬೆಲೆಗೇ ವಸ್ತು ಬೇಕೇ ಬೇಡವೇ ಎಂದು ತೀರ್ಮಾನಿಸಿ.

ಹಣ ಕೈಸೇರುವ ಹೊತ್ತು

ಹಸಿರು ಪರದೆ ಎಂದರೆ ಒಪ್ಪಿಗೆ ಮಾತ್ರ, ಹಣ ಇನ್ನೂ ಬರಬೇಕು. ನಗದು ಎಂದು ಆರಿಸಿದ್ದರೆ ನಿಲ್ದಾಣದಲ್ಲೇ ಹಣ ಕೊಡುವ ಬೇರೆ ಕೌಂಟರಿಗೆ ಹೋಗಬೇಕು. ಅದು ಕಸ್ಟಮ್ಸ್ ಕಚೇರಿಯಲ್ಲ, ಖಾಸಗಿಯವರದು. ಅಲ್ಲಿ ಇನ್ನೊಂದು ಸಾಲು, ನಗದಿಗೆಂದು ಇನ್ನೊಂದು ಶುಲ್ಕ. ರೂಪಾಯಿಯಲ್ಲೋ ಡಾಲರಿನಲ್ಲೋ ಕೊಡಲೇ ಎಂದು ಕೇಳಿದರೆ ಯೂರೋದಲ್ಲೇ ಕೊಡಿ ಎನ್ನಿ. ಬೇರೆ ನಾಣ್ಯಕ್ಕೆ ಬದಲಿಸುವ ದರ ಅವರದು, ಅದರಲ್ಲೂ ಒಂದಿಷ್ಟು ಸೋರುತ್ತದೆ. ಕಾರ್ಡಿಗೆ ಎಂದು ಆರಿಸಿದ್ದರೆ ಸಾಲಿಲ್ಲ, ಶುಲ್ಕವೂ ಕಡಿಮೆ. ಬದಲಿಗೆ ಕಾಯಬೇಕು. ಅತ್ತಿಗೆಯ ಕಾರ್ಡಿಗೆ ಹಣ ಬಂದದ್ದು ನಾವು ಊರಿಗೆ ಬಂದ ಐದನೆಯ ವಾರ. ಅಲ್ಲಿಯವರೆಗೆ ಫಾರಂ ಮತ್ತು ಬಿಲ್ಲನ್ನು ಬಿಸಾಡಬೇಡಿ. ಫಾರಮ್ಮಿನ ಸಂಖ್ಯೆ ಇದ್ದರೆ ಕಂಪನಿಯನ್ನು ಕೇಳಿ, ಎಲ್ಲಿ ನಿಂತಿದೆ ಎಂದು ತಿಳಿದುಕೊಳ್ಳಬಹುದು.

ಒಪ್ಪಿಗೆ ಆಗದೆ ವಿಮಾನ ಹತ್ತಿಬಿಟ್ಟರೆ? ಬೆಂಗಳೂರಿಗೆ ಬಂದು ಸಾಮಾನಿನ ಫೋಟೊ ಕಳಿಸಿದರಾಗದು, ಇನ್ನೊಬ್ಬರ ಕೈಯಲ್ಲಿ ಫಾರಂ ಕೊಟ್ಟು ಕಳಿಸಿದರೂ ಆಗದು. ನಮ್ಮ ಕೈಮೀರಿದ ಕಾರಣಕ್ಕೆ ತಪ್ಪಿಹೋದವರಿಗೆ ಸರಿಪಡಿಸಿಕೊಳ್ಳುವ ಅಪರೂಪದ ದಾರಿಯೊಂದಿದೆ, ಆದರೆ ಐವತ್ತು ಯೂರೋಗಾಗಿ ಆ ಕಾಗದಪತ್ರದ ಹಿಂದೆ ಬೀಳುವುದು ದಂಡ. ಇಲ್ಲವೆಂದೇ ತಿಳಿದು ನಡೆಯುವುದು ಒಳ್ಳೆಯದು.

ಕೊನೆಯದಾಗಿ ನಮ್ಮ ಬಾಗಿಲಿನ ಮಾತು. ಅಲ್ಲಿನ ಕಸ್ಟಮ್ಸ್‌ಗೆ ವಸ್ತು ಹೊರಟಿತು ಎಂದು ತೋರಿಸಿದವರು ಇಲ್ಲಿನ ಕಸ್ಟಮ್ಸ್ ಮುಂದೆ ಅದನ್ನು ಒಳಗೆ ತರುತ್ತಿದ್ದಾರೆ. ಪ್ರವಾಸಿಗಳು ಸುಂಕವಿಲ್ಲದೆ ತರಬಹುದಾದ ಮೌಲ್ಯಕ್ಕೆ ನಮ್ಮಲ್ಲೂ ಮಿತಿಯಿದೆ. ಹೊರಡುವ ಮುನ್ನ ಆ ವರ್ಷದ ಮಿತಿ ಎಷ್ಟೆಂದು ನೋಡಿಕೊಳ್ಳಿ. ಅದನ್ನು ಮೀರಿದ ವಸ್ತು ತಂದವರು ಕೆಂಪು ದಾರಿಯಲ್ಲಿ ಹೋಗಿ ಹೇಳಿಕೊಂಡು ಸುಂಕ ಕಟ್ಟಬೇಕು. ಪ್ಯಾರಿಸ್ಸಿನಲ್ಲಿ ಶೇ. 12 ವಾಪಸ್ ಬಂತೆಂದು ದುಬಾರಿ ಗಡಿಯಾರ ಕೊಂಡವರು ದೇವನಹಳ್ಳಿಯಲ್ಲಿ ಅದಕ್ಕಿಂತ ಹೆಚ್ಚು ಕಟ್ಟಬೇಕಾಗಿ ಬರಬಹುದು. ಲೆಕ್ಕ ಹಾಕುವಾಗ ಎರಡೂ ಬಾಗಿಲನ್ನು ಸೇರಿಸಿಯೇ ಹಾಕಬೇಕು.

ಎರಡನೆಯ ಸಲ ಹೊರಡುವ ಹಿಂದಿನ ರಾತ್ರಿಯೂ ಅತ್ತಿಗೆ ಬ್ಯಾಗನ್ನು ಸೀರೆಯಲ್ಲಿ ಸುತ್ತಲು ಹೊರಟಿದ್ದರು. "ಅತ್ತಿಗೆ, ಅದು ಈ ಸಲ ನಿಮ್ಮ ಹೆಗಲ ಮೇಲೆ ಬರಲಿ" ಎಂದೆ. "ಹೆಗಲ ಮೇಲೆ ಹಾಕಿದರೆ ಹಳತು ಅಂತಾರೆ ಅಂದೆಯಲ್ಲೋ" ಎಂದರು. ಸರಿಯಾದ ಮಾತು. ಚೀಟಿ ಕೀಳದೆ, ಅಂಗಡಿಯ ಬಟ್ಟೆಚೀಲದಲ್ಲೇ ಇಟ್ಟು, ಕೈಬ್ಯಾಗಿನ ಮೇಲ್ಗಡೆ ಇರಿಸಿದೆವು. ಮರುದಿನ ಆ ಬಟ್ಟೆಚೀಲವನ್ನು ಯಾರೂ ಬಿಚ್ಚಿಸಿ ನೋಡಲಿಲ್ಲ. ಬಿಚ್ಚಿ ಎಂದಿದ್ದರೆ ತೋರಿಸಲು ಮಾತ್ರ ಅದು ನಮ್ಮ ಕೈಯಲ್ಲಿತ್ತು.